ಹೊಲಿಗೆ ಮಷೀನಿನ ಸೂಜಿ ಮುರಿದು ತುದಿ ಒಳಗೇ ಉಳಿದರೆ, ಬಾಬಿನ್ ಕೇಸ್ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು?

ಪ್ರಶ್ನೆ: ಜೀನ್ಸ್ ಪ್ಯಾಂಟಿನ ಕೆಳ ಅಂಚು ಮಡಚಿ ಹೊಲಿಯುತ್ತಿದ್ದೆ. ಪಕ್ಕದ ದಪ್ಪ ಹೊಲಿಗೆ ಬಂದ ಜಾಗದಲ್ಲಿ ಟಕ್ ಅಂತ ಸೂಜಿ ಮುರಿಯಿತು. ತುದಿ ಎಲ್ಲಿ ಹೋಯಿತೋ ಕಾಣುತ್ತಿಲ್ಲ. ಚಕ್ರ ಸ್ವಲ್ಪ ತಿರುಗಿ ನಿಂತುಬಿಡುತ್ತದೆ. ಬಾಬಿನ್ ಕೇಸ್ ಎಳೆದರೂ ಬರುತ್ತಿಲ್ಲ. ಪ್ಲೇಟನ್ನು ನಾನೇ ಬಿಚ್ಚಬಹುದಾ?

ಉತ್ತರ: ಬಿಚ್ಚಬಹುದು, ಕಷ್ಟದ ಕೆಲಸವೇನಲ್ಲ. ಆದರೆ ಚಕ್ರದ ಮೇಲೆ ಇನ್ನು ಬಲ ಹಾಕಬೇಡಿ. ಸೂಜಿ ಮುರಿದಾಗ ಮಷೀನಿಗೆ ಆಗುವ ಪೆಟ್ಟು ಸಾಮಾನ್ಯವಾಗಿ ಸಣ್ಣದು. ಆಮೇಲೆ "ತಿರುಗುತ್ತಾ ನೋಡೋಣ" ಅಂತ ಚಕ್ರ ಜಗ್ಗಿದಾಗಲೇ ಕೆಳಗೆ ನೂಲನ್ನು ಹಿಡಿಯುವ ಶಟಲ್‌ನ ಮೊನೆ ಮೊಂಡಾಗುವುದು, ಸೂಜಿ ದಂಡ ಜಾರುವುದು. ವಿದ್ಯುತ್ ಮಷೀನ್ ಆದರೆ ಪ್ಲಗ್ ತೆಗೆಯಿರಿ. ಕಾಲಿನ ಮಷೀನ್ ಆದರೆ ಬೆಲ್ಟ್ ಕಳಚಿ. ಕೈಬೆರಳು ಪ್ಲೇಟಿನ ಕೆಳಗಿರುವಾಗ ಅಪ್ಪಿತಪ್ಪಿ ಕಾಲು ತಾಗಿದರೂ ಸಾಕು, ಅಲ್ವಾ?

ನಿಮ್ಮದು ಲೋಹದ ಬಾಬಿನ್ ಕೇಸನ್ನು ಮುಂದಿನಿಂದ ಅಥವಾ ಪಕ್ಕದಿಂದ ಕೈಹಾಕಿ ಕೂರಿಸುವ ಮಷೀನ್ ಅಂದುಕೊಂಡು ಹೇಳುತ್ತಿದ್ದೇನೆ. ಇದರಲ್ಲಿ ಶಟಲ್ ಒಂದು ದುಂಡನೆಯ ಗೂಡಿನೊಳಗೆ ಅರ್ಧ ಸುತ್ತು ಹೋಗಿ ವಾಪಸ್ ಬರುತ್ತಿರುತ್ತದೆ. ಅದರ ನಡುವಿನ ಕಡ್ಡಿಯ ಮೇಲೆ ಬಾಬಿನ್ ಕೇಸ್ ಕೂತಿರುತ್ತದೆ. ಕೇಸ್ ಮಾತ್ರ ತಿರುಗಬಾರದು. ಅದಕ್ಕೇ ಅದರ ಮೈಯಿಂದ ಕೊಂಬಿನಂತೆ ಚಾಚಿದ ತುಂಡೊಂದು ಹೊರಗಿನ ಉಂಗುರದ ಕಚ್ಚಿನಲ್ಲಿ ಕೂತು ಅದನ್ನು ತಡೆದು ಹಿಡಿದಿರುತ್ತದೆ. ಇಷ್ಟು ಗೊತ್ತಿದ್ದರೆ ಈಗ ಅದನ್ನು ಯಾವುದು ಹಿಡಿದುಕೊಂಡಿದೆ ಅಂತ ಹುಡುಕುವುದು ಸುಲಭ. ಹೆಚ್ಚಾಗಿ ಎರಡರಲ್ಲಿ ಒಂದು: ಮುರಿದ ಸೂಜಿಯ ತುಂಡು ಕೇಸಿನ ಅಂಚಿಗೆ ಅಡ್ಡ ನಿಂತಿರುತ್ತದೆ, ಇಲ್ಲವೇ ಮೇಲಿನ ನೂಲು ಶಟಲ್ ಹಿಂದೆ ಹೋಗಿ ಸುತ್ತಿಕೊಂಡಿರುತ್ತದೆ. ಎರಡೂ ಒಟ್ಟಿಗೆ ಆಗುವುದೂ ಉಂಟು.

ಕೇಸ್‌ಗೆ ಕೈ ಹಾಕುವ ಮುಂಚೆ ಮೇಲಿನ ನೂಲನ್ನು ನೋಡಿ. ನೂಲು ಪ್ಲೇಟಿನ ತೂತಿನೊಳಗೆ ಇಳಿದಿದೆಯಾ? ಸೂಜಿ ಸಾಮಾನ್ಯವಾಗಿ ಕಣ್ಣಿನ ಹತ್ತಿರ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಮುರಿಯುತ್ತದೆ. ಕಣ್ಣಿರುವ ತುಂಡು ಕೆಳಗೆ ಬಿದ್ದಿದ್ದರೆ ನೂಲು ಇನ್ನೂ ಅದರಲ್ಲೇ ಪೋಣಿಸಿಕೊಂಡಿರಬಹುದು. ಅಂದರೆ ಕಳೆದುಹೋದ ತುದಿಗೆ ದಾರಿ ನಿಮ್ಮ ಕಣ್ಣೆದುರೇ ಇದೆ. ಆ ನೂಲನ್ನು ಜಗ್ಗಬೇಡಿ. ಜಗ್ಗಿದರೆ ತುಂಡು ಅಡ್ಡ ತಿರುಗಿ ಶಟಲ್‌ಗೂ ಗೂಡಿಗೂ ನಡುವೆ ಸೇರಿಕೊಳ್ಳುತ್ತದೆ. ಪ್ಲೇಟಿನಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ಬಾಲವನ್ನು ಹಾಗೇ ಬಿಡಿ.

ಈಗ ಫೂಟ್ ಎತ್ತಿ, ಬಟ್ಟೆಯ ಕೆಳಗಿನ ನೂಲನ್ನು ಕತ್ತರಿಸಿ, ಬಟ್ಟೆ ಈಚೆ ತೆಗೆಯಿರಿ. ಅದನ್ನು ಬಿಳಿ ಕಾಗದದ ಮೇಲೆ ಕೊಡವಿ. ಎಷ್ಟೋ ಸಲ ತುದಿ ಮಡಿಕೆಯೊಳಗೇ ಇರುತ್ತದೆ. ಆಮೇಲೆ ಸೂಜಿಯ ತಿರುಪು ಸಡಿಲಿಸಿ ಮೇಲಿನ ತುಂಡು ತೆಗೆಯಿರಿ. ತೆಗೆಯುವ ಮುಂಚೆ ಅದರ ಚಪ್ಪಟೆ ಬದಿ ಯಾವ ಕಡೆಗಿದೆ ಅಂತ ನೋಡಿಟ್ಟುಕೊಳ್ಳಿ. ಹೊಸ ಸೂಜಿಯೂ ಹಾಗೇ ಕೂರಬೇಕು. ಅದೇ ಅಳತೆಯ ಹೊಸ ಸೂಜಿಯ ಪಕ್ಕದಲ್ಲಿ ತುಂಡುಗಳನ್ನು ಜೋಡಿಸಿ ನೋಡಿ. ಎಷ್ಟು ಉದ್ದ ಕಮ್ಮಿ ಇದೆಯೋ ಅಷ್ಟನ್ನೇ ನೀವು ಹುಡುಕಬೇಕಾಗಿರುವುದು. ಈ ಲೆಕ್ಕ ಇಲ್ಲದೆ ಸುಮ್ನೆ ಹುಡುಕಿದರೆ ಒಂದು ಚೂರು ಸಿಕ್ಕಿದ ಕೂಡಲೇ ಮುಗಿಯಿತು ಅನ್ನಿಸುತ್ತದೆ, ಎರಡನೆಯದು ಒಳಗೇ ಉಳಿಯುತ್ತದೆ.

ತುಂಡು ಪ್ಲೇಟಿನ ತೂತಿನಲ್ಲಿ ನೆಟ್ಟಗೆ ನಿಂತು, ಸ್ವಲ್ಪ ಮೇಲೆ ಕಾಣುತ್ತಿದ್ದರೆ ಚಿಕ್ಕ ಇಕ್ಕಳದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಅಲ್ಲಾಡಿಸಬೇಡಿ. ಸೂಜಿಯ ಉಕ್ಕು ಬಾಗುವುದಕ್ಕಿಂತ ಮುರಿಯುವುದೇ ಜಾಸ್ತಿ, ಒಂದು ತುಂಡು ಎರಡಾಗುತ್ತದೆ. ಹಿಡಿತಕ್ಕೆ ಸಿಗದಿದ್ದರೆ ಪ್ಲೇಟ್ ಬಿಚ್ಚುವುದೇ ಸರಿ. ಮೊದಲು ಫೂಟ್ ಕಳಚಿ, ಜಾಗ ಸಿಗುತ್ತದೆ. ಪ್ಲೇಟಿಗೆ ಸಾಮಾನ್ಯವಾಗಿ ಎರಡು ತಿರುಪು. ತಿರುಪಿನ ತಲೆಯ ಸೀಳಿಗೆ ಸರಿಯಾಗಿ ತುಂಬುವ ಅಗಲದ, ಗಿಡ್ಡ ಸ್ಕ್ರೂಡ್ರೈವರ್ ಬೇಕು. ಸಣ್ಣದಾದರೆ ಸೀಳು ತಿಂದುಹೋಗುತ್ತದೆ, ಆಮೇಲೆ ಅದೇ ಒಂದು ರಗಳೆ. ತಿರುಪು ಬಿಗಿಯಾಗಿದ್ದರೆ ಒಂದು ಹನಿ ಮಷೀನ್ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಪ್ಲೇಟನ್ನು ಪಕ್ಕಕ್ಕೆ ಜರುಗಿಸದೆ ನೇರ ಮೇಲಕ್ಕೆ ಎತ್ತಿ. ತುಂಡು ತೂತಿನಲ್ಲಿ ನಿಂತಿದ್ದರೆ ಪ್ಲೇಟ್ ಅದನ್ನು ದಾಟಿ ಮೇಲೆ ಬರುತ್ತದೆ, ತುಂಡು ಇದ್ದಲ್ಲೇ ಇರುತ್ತದೆ.

ಪ್ಲೇಟ್ ತೆಗೆದ ಕೂಡಲೇ ಕಾಣುವುದು ಹಲ್ಲುಗಳ ನಡುವೆ ಅಡಕವಾಗಿ ಕೂತ ಜುಂಗು. ಇದನ್ನು ಬಾಯಿಂದ ಊದಬೇಡಿ. ಚೂರು ಕಣ್ಣಿಗೆ ಹಾರಬಹುದು, ಇಲ್ಲವೇ ಇನ್ನೂ ಒಳಕ್ಕೆ ಹೋಗಬಹುದು. ಚಿಮಟದಲ್ಲಿ ಜುಂಗನ್ನು ಪದರ ಪದರವಾಗಿ ಎತ್ತಿ ಬಿಳಿ ಕಾಗದದ ಮೇಲೆ ಇಡಿ. ತುದಿ ಅದರೊಳಗೆ ಚುಚ್ಚಿಕೊಂಡು ಬರುವುದು ತುಂಬಾ ಸಾಮಾನ್ಯ. ಆಯಸ್ಕಾಂತವೂ ಕೆಲಸಕ್ಕೆ ಬರುತ್ತದೆ, ಆದರೆ ಬರೀ ಆಯಸ್ಕಾಂತ ಇಳಿಸಿದರೆ ಅದು ಶಟಲ್‌ಗೇ ಅಂಟಿಕೊಂಡು ಕೂರುತ್ತದೆ. ಸ್ಕ್ರೂಡ್ರೈವರ್ ತುದಿಯನ್ನು ಆಯಸ್ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ಹತ್ತಾರು ಸಲ ಉಜ್ಜಿ. ಚೂರನ್ನು ಎತ್ತುವಷ್ಟು ಸೆಳೆತ ಅದಕ್ಕೇ ಬರುತ್ತದೆ.

ಇನ್ನು ಬಾಬಿನ್ ಕೇಸ್. ಸರಿಯಾಗಿರುವ ಮಷೀನಿನಲ್ಲೂ ಸೂಜಿ ದಂಡ ಪೂರ್ತಿ ಮೇಲಿರುವಾಗ ಮಾತ್ರ ಕೇಸ್ ಸಲೀಸಾಗಿ ಬರುತ್ತದೆ. ದಂಡ ಕೆಳಗಿದ್ದರೆ ಸೂಜಿ ಅಥವಾ ನೂಲಿನ ಕುಣಿಕೆ ಅಡ್ಡ ಬರುತ್ತದೆ. ಹಾಗಾಗಿ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ನಿಮ್ಮ ಕಡೆಗೆ ಸ್ವಲ್ಪ, ಆಚೆಗೆ ಸ್ವಲ್ಪ ಆಡಿಸಿ. ಎರಡು ಬೆರಳಿನ ಬಲ ಸಾಲದಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಲ್ಲುವ ರೀತಿಯೇ ಕಾರಣ ಹೇಳುತ್ತದೆ. ಮೆತ್ತಗೆ, ರಬ್ಬರ್ ಎಳೆದಂತೆ ಬಿಗಿಯಾಗುತ್ತಾ ನಿಂತರೆ ಅದು ನೂಲು. ಕಲ್ಲಿಗೆ ತಾಗಿದಂತೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಲೋಹದ ಚೂರು. ಇನ್ನೊಂದು, ಚಕ್ರ ಸಲೀಸಾಗಿ ಸುತ್ತುತ್ತಿದೆ, ದಂಡ ಮಾತ್ರ ಕದಲುತ್ತಿಲ್ಲ ಅಂದರೆ ಚಕ್ರದ ನಡುವಿನ, ಬಾಬಿನ್ ಸುತ್ತುವಾಗ ಸಡಿಲಿಸುವ ಗುಂಡಿ ಸಡಿಲವಾಗಿದೆ ಅಷ್ಟೇ. ಗಾಬರಿ ಬೇಡ, ಅದನ್ನು ಬಿಗಿ ಮಾಡಿ ಮತ್ತೆ ನೋಡಿ.

ನೂಲಾದರೆ ಶಟಲ್ ಅಂಚಿಗೆ ಒಂದೆರಡು ಹನಿ ಮಷೀನ್ ಎಣ್ಣೆ ಬಿಡಿ. ತಿನ್ನುವ ಎಣ್ಣೆ ಬೇಡ, ಆಮೇಲೆ ಅದು ಅಂಟಾಗುತ್ತದೆ. ಕಾಣುವ ನೂಲನ್ನೆಲ್ಲ ಚೂಪು ಕತ್ತರಿಯಲ್ಲಿ ಕತ್ತರಿಸಿ, ತುಂಡುಗಳನ್ನು ಚಿಮಟದಲ್ಲಿ ಎಳೆಯುತ್ತಾ ಚಕ್ರ ಆಡಿಸಿ. ಬಿಟ್ಟುಕೊಟ್ಟರೆ ದಂಡವನ್ನು ಮೇಲಕ್ಕೆ ತಂದು, ಕೇಸಿನ ಚಿಲಕ ತೆರೆದು ನೇರ ಎಳೆಯಿರಿ.

ಆಗಲೂ ಬರಲಿಲ್ಲವಾ? ಕೇಸಿನ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಕೇಸ್ ತೆಳು ಲೋಹ, ಬಾಯಿ ಸ್ವಲ್ಪ ಸೊಟ್ಟಗಾದರೂ ಬಾಬಿನ್ ಉಜ್ಜಿಕೊಂಡು ತಿರುಗುತ್ತದೆ, ಹೊಲಿಗೆ ಹದ ತಪ್ಪುತ್ತದೆ. ಇದಕ್ಕಿಂತ ಒಳ್ಳೆ ದಾರಿ ಇದೆ. ಶಟಲ್ ಗೂಡಿನ ಎರಡು ಪಕ್ಕದಲ್ಲಿ ಪುಟ್ಟ ಹಿಡಿಗಳಿರುತ್ತವೆ. ಅವನ್ನು ಹೊರಕ್ಕೆ ಸರಿಸಿದರೆ ಉಂಗುರ ಬಿಡುತ್ತದೆ. ಕೇಸ್ ಶಟಲ್ ಬಿಟ್ಟು ಬರುತ್ತಿಲ್ಲ ಅಂದರೆ ಉಂಗುರ, ಕೇಸ್, ಶಟಲ್ ಮೂರನ್ನೂ ಒಟ್ಟಿಗೆ ಈಚೆ ತೆಗೆಯಿರಿ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಶಟಲ್ ಬುಡದಲ್ಲಿ ಸುತ್ತಿಕೊಂಡ ನೂಲು ಕಾಣುತ್ತದೆ. ಅಲ್ಲೇ ಕತ್ತರಿಸಿದರೆ ಕೇಸ್ ಕಳಚಿಕೊಳ್ಳುತ್ತದೆ. ಕೆಲವು ಹಳೆಯ ಮಷೀನುಗಳಲ್ಲಿ ಹಿಡಿಗಳ ಬದಲು ತಿರುಪು ಇರುತ್ತದೆ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಖಾಲಿ ಗೂಡಿನ ಸುತ್ತ ಇರುವ ತೋಡನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ. ಕಣ್ಣಿಗೆ ಕಾಣದ ಚೂರೂ ಹತ್ತಿಗೆ ಸಿಕ್ಕಿ ಬರುತ್ತದೆ. ನೀವು ಹುಡುಕುತ್ತಿರುವ ಅಳತೆ ಇನ್ನೂ ಪೂರ್ತಿ ಆಗಿಲ್ಲದಿದ್ದರೆ ಮಷೀನಿನ ತಲೆಯನ್ನು ಹಿಂದಕ್ಕೆ ಒರಗಿಸಿ ಕೆಳಗೂ ನೋಡಿ.

ನಿಮ್ಮ ಸೂಜಿ ಯಾಕೆ ಮುರಿಯಿತು ಅನ್ನುವುದಕ್ಕೆ ಗುರುತು ಈಗ ಸಿಗುತ್ತದೆ. ಪ್ಲೇಟಿನ ತೂತಿನ ಅಂಚಿನಲ್ಲಿ ಹೊಸ ಗೀರು ಇದ್ದರೆ ಸೂಜಿ ಬಾಗಿ ಅಲ್ಲಿ ಬಡಿದಿದೆ. ತೆಳು ಸೂಜಿ, ದಪ್ಪ ಮಡಿಕೆ, ಮೇಲಿಂದ ಬಟ್ಟೆಯನ್ನು ಕೈಯಿಂದ ಎಳೆಯುವುದು, ಇವು ಕೂಡಿದರೆ ಹೀಗೇ ಆಗುವುದು. 11ರ ಸೂಜಿ ಬ್ಲೌಸಿಗೆ ಸರಿ, ಜೀನ್ಸಿನ ಮಡಿಕೆಗೆ 16 ಅಥವಾ 18 ಬೇಕು. ಅದರ ಬದಲು ಕೇಸಿನ ಮೇಲೆ ಚುಚ್ಚಿದ ಗುರುತಿದ್ದರೆ ಕಥೆ ಬೇರೆ: ಕೇಸ್ ಟಕ್ ಅಂತ ಕೂತಿರಲಿಲ್ಲ, ಹೊಲಿಯುತ್ತಾ ಸರಿದು ಸೂಜಿಯ ದಾರಿಗೆ ಬಂದಿದೆ. ನಿಮ್ಮ ವಿವರ ನೋಡಿದರೆ ಮೊದಲನೆಯದೇ ಇರಬೇಕು ಅನ್ನಿಸುತ್ತದೆ, ಆದರೂ ಕೇಸನ್ನು ಒಮ್ಮೆ ತಿರುಗಿಸಿ ನೋಡಿ.

ಗೀರುಗಳನ್ನು ಹಾಗೇ ಬಿಡಬಾರದು. ತೂತಿನ ಅಂಚು, ಶಟಲ್‌ನ ಮೊನೆ, ಎರಡರ ಮೇಲೂ ಸ್ವಲ್ಪ ಹತ್ತಿ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಎದ್ದಿದೆ, ಮುಂದೆ ಅದೇ ನೂಲು ಕಡಿಯುತ್ತದೆ. ತುಂಬಾ ನಯವಾದ ಎಮರಿ ಕಾಗದವನ್ನು ಸುರುಳಿ ಮಾಡಿ ತೂತಿನ ಅಂಚಿಗೆ ಹಗುರವಾಗಿ ಉಜ್ಜಿ. ಶಟಲ್ ಮೊನೆಯ ಆಕಾರ ಮಾತ್ರ ಬದಲಾಗಬಾರದು. ಅಲ್ಲಿ ಜಾಸ್ತಿ ಉಜ್ಜುವ ಬದಲು ಹೊಸ ಶಟಲ್ ಹಾಕುವುದು ವಾಸಿ.

ವಾಪಸ್ ಜೋಡಿಸುವಾಗ ದಂಡ ಪೂರ್ತಿ ಮೇಲಿರಲಿ. ಗೂಡಿನೊಳಗೆ ಶಟಲನ್ನು ತಳ್ಳುವ ಅರ್ಧಚಂದ್ರ ಒಂದಿರುತ್ತದೆ, ಶಟಲ್ ಎದುರಿನ ಅರ್ಧಕ್ಕೆ ಬಂದು ಎರಡೂ ಸೇರಿ ಪೂರ್ತಿ ಸುತ್ತಾಗಬೇಕು. ಉಂಗುರ ಇಟ್ಟು ಹಿಡಿಗಳನ್ನು ಮುಚ್ಚಿ. ಕೇಸಿನ ಕೊಂಬನ್ನು ಕಚ್ಚಿಗೆ ಸರಿಹೊಂದಿಸಿ, ಟಕ್ ಅನ್ನುವವರೆಗೆ ಒತ್ತಿ. ಆಮೇಲೆ ಚಿಲಕ ಮುಟ್ಟದೆ ಎಳೆದು ನೋಡಿ, ಬರಬಾರದು. ಪ್ಲೇಟ್, ಫೂಟ್, ಹೊಸ ಸೂಜಿ ಹಾಕಿ, ನೂಲಿಲ್ಲದೆ ಚಕ್ರವನ್ನು ನಿಧಾನವಾಗಿ ಕೆಲವು ಸುತ್ತು ನಿಮ್ಮ ಕಡೆಗೆ ತಿರುಗಿಸಿ.

ಆಗ ಸೂಜಿ ಎಲ್ಲಾದರೂ ಚಿಣ್ ಅಂತ ತಾಗಿದರೆ ಹೊಲಿಯಬೇಡಿ. ಸೂಜಿ ತೀರ ಕೆಳಗೆ ಹೋಗಿ ಸುಮಾರು 2 ಮಿ.ಮೀ. ಮೇಲೆದ್ದಾಗ ಶಟಲ್‌ನ ಮೊನೆ ಕಣ್ಣಿಗಿಂತ ಸ್ವಲ್ಪವೇ ಮೇಲೆ, ಸೂಜಿಯನ್ನು ತಾಗದೆ, ತೀರ ಹತ್ತಿರದಿಂದ ಹಾದುಹೋಗಬೇಕು. ಅದು ಕಣ್ಣಿನ ಕೆಳಗೆ ಹಾದರೆ ಅಥವಾ ತುಂಬಾ ತಡವಾಗಿ ಬಂದರೆ ಪೆಟ್ಟು ಬಿದ್ದು ದಂಡ ಜಾರಿದೆ, ಇಲ್ಲವೇ ಶಟಲಿನ ಟೈಮಿಂಗ್ ತಪ್ಪಿದೆ. ಇದನ್ನು ಮೆಕ್ಯಾನಿಕ್‌ಗೆ ಬಿಡಿ. ಮುರಿದ ತುಂಡುಗಳನ್ನೂ ಗೀರು ಬಿದ್ದ ಕೇಸನ್ನೂ ಜೊತೆಗೆ ಕೊಡಿ, ಎಲ್ಲಿ ಬಡಿದಿದೆ ಅಂತ ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಬಾಬಿನನ್ನು ಮೇಲಿನಿಂದ ಇಳಿಬಿಡುವ ಮಷೀನ್ ಇರುವವರಿಗೆ ಒಂದು ಮಾತು. ಅದರಲ್ಲಿ ಕೇಸ್ ಪ್ಲಾಸ್ಟಿಕ್ಕಿನದು, ಪ್ಲೇಟ್ ತೆಗೆದರೆ ಎತ್ತಿಕೊಂಡೇ ಬರುತ್ತದೆ. ಸೂಜಿ ಅದಕ್ಕೆ ಆಳವಾಗಿ ಚುಚ್ಚಿದ್ದರೆ ಉಜ್ಜಿ ಸರಿಮಾಡಲು ಹೋಗಬೇಡಿ, ಕೇಸ್ ಬದಲಾಯಿಸಿ. ಇಡುವಾಗ ಕೇಸಿನ ಚಾಚು ಅಲ್ಲಿರುವ ಸ್ಪ್ರಿಂಗ್ ತಡೆಯ ಸರಿಯಾದ ಬದಿಗೆ ಕೂತಿದೆಯಾ ನೋಡಿ. ತಪ್ಪು ಬದಿಗೆ ಕೂತರೆ ಮೊದಲ ಸುತ್ತಿಗೇ ಕೇಸ್ ತಿರುಗಿ ಇನ್ನೊಂದು ಸೂಜಿ ಹೋಗುತ್ತದೆ.