ಕೆಂಪು ಆಯಿಲ್ ದೀಪದ ಫೋಟೋ ಬಂದಾಗ ಏನು ನೋಡಬೇಕು?

"ಅಣ್ಣಾ, ಇದು ಸೀರಿಯಸ್ಸಾ?" ಮಾರತ್ತಹಳ್ಳಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ ಚಿಕ್ಕಪ್ಪನ ಮಗ ಇಷ್ಟೇ ಬರೆದು ಒಂದು ಫೋಟೋ ಕಳಿಸಿದ್ದ. ಹಳೇ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡ್. ಅದರಲ್ಲಿ ಎಣ್ಣೆ ಕ್ಯಾನಿನ ಕೆಂಪು ಚಿತ್ರ, ಮೂತಿಯಲ್ಲಿ ಒಂದು ಹನಿ.

ಇಂಥ ಫೋಟೋದಲ್ಲಿ ದೀಪ ಗುರುತಿಸಿದ ತಕ್ಷಣ ಆರ್‌ಪಿಎಂ ಮುಳ್ಳು ನೋಡಬೇಕು. ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೇ ಇದ್ದರೆ ಈ ದೀಪ ಹತ್ತಲೇಬೇಕು. ಆಗ ಮುಳ್ಳು ಸೊನ್ನೆಯಲ್ಲಿರುತ್ತದೆ, ಪಕ್ಕದಲ್ಲಿ ಬ್ಯಾಟರಿ ದೀಪವೂ ಇರುತ್ತದೆ. ಕ್ಲಚ್ ಬಿಟ್ಟು ಗಾಡಿ ಆಫ್ ಆದಾಗಲೂ ಹೀಗೇ ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಇವನ ಫೋಟೋದಲ್ಲಿ ಮುಳ್ಳು 800ರ ಹತ್ತಿರ ಇತ್ತು, ಬೇರೆ ಯಾವ ದೀಪವೂ ಇರಲಿಲ್ಲ. ಅಂದರೆ ಎಂಜಿನ್ ಓಡುತ್ತಿದೆ, ಆಯಿಲ್ ಪ್ರೆಶರ್ ಇಲ್ಲ.

"ಗಾಡಿ ಪಕ್ಕಕ್ಕೆ ಹಾಕಿ ಮೊದಲು ಎಂಜಿನ್ ಆಫ್ ಮಾಡು, ಆಮೇಲೆ ಫೋನ್ ಮಾಡು" ಅಂತ ಬರೆದೆ. ಪ್ರಶ್ನೆಗಳನ್ನು ಕೇಳುತ್ತಾ ಕೂತರೆ ಅಷ್ಟು ಹೊತ್ತು ಎಂಜಿನ್ ಓಡುತ್ತಲೇ ಇರುತ್ತದೆ. ಅದಕ್ಕೇ ಪ್ರಶ್ನೆಗಳು ಆಮೇಲೆ.

ಇಷ್ಟು ಅವಸರ ಯಾಕೆ ಅಂದರೆ, ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗ್‌ಗಳ ಮೇಲೆ ನೇರವಾಗಿ ಕೂತಿರುವುದಿಲ್ಲ. ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ಇರುತ್ತದೆ. ಆ ಪದರಕ್ಕೆ ಎಣ್ಣೆ ಒದಗಿಸುವುದು ಆಯಿಲ್ ಪಂಪ್. ಪಂಪ್ ಸೋತರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಬೇರಿಂಗ್ ಸವೆಯುತ್ತದೆ. ಹಾಗೇ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಸೀಜ್ ಆಗಬಹುದು.

ಫೋನ್ ಮಾಡಿದಾಗ ಅವನು ಸಮಾಧಾನದಲ್ಲೇ ಇದ್ದ. "ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಮಿಣುಕುತ್ತೆ ಅಣ್ಣಾ, ಆಕ್ಸಿಲರೇಟರ್ ಒತ್ತಿದರೆ ಹೋಗುತ್ತೆ." ಫೋಟೋದಲ್ಲಿ ಕಾಣದ ಮುಖ್ಯ ಸಂಗತಿ ಇದೇ. ಅವನಿಗೆ ಧೈರ್ಯ ಕೊಟ್ಟಿದ್ದೂ ಇದೇ, ನನಗೆ ಭಯ ಹುಟ್ಟಿಸಿದ್ದೂ ಇದೇ. ಪಂಪ್ ತಿರುಗುವುದು ಎಂಜಿನ್ನಿನಿಂದಲೇ. ಆರ್‌ಪಿಎಂ ಏರಿದರೆ ಪ್ರೆಶರ್ ಏರುತ್ತದೆ. ಟ್ರಾಫಿಕ್‌ನಲ್ಲಿ ಎಣ್ಣೆ ಕಾದು ತೆಳುವಾಗಿರುತ್ತದೆ, ಐಡಲಿಂಗ್‌ನಲ್ಲಿ ಪಂಪ್ ನಿಧಾನ. ಹಾಗಾಗಿ ತೊಂದರೆ ಮೊದಲು ಕಾಣಿಸಿಕೊಳ್ಳುವುದು ಸಿಗ್ನಲ್‌ನಲ್ಲೇ. ಇನ್ನೊಂದು ವಿಷಯ, ಈ ದೀಪದ ಸ್ವಿಚ್ ತುಂಬಾ ಕಾರುಗಳಲ್ಲಿ ಪ್ರೆಶರ್ ಅರ್ಧ ಬಾರ್‌ಗಿಂತ ಕೆಳಗೆ ಇಳಿದಾಗ ಮಾತ್ರ ಹತ್ತುತ್ತದೆ. ದೀಪ ಆರಿತು ಅಂದರೆ ಆ ಗೆರೆ ದಾಟಿತು ಅಂತ ಅಷ್ಟೇ. ವೇಗವಾಗಿ ಓಡುವ ಎಂಜಿನ್ನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು.

ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಲು ಹೇಳಿದೆ. ಸಮತಟ್ಟಾದ ಜಾಗ, ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಬೇಕು. ಕಡ್ಡಿ ಒಣಗಿಯೇ ಬಂತು. ಎಣ್ಣೆ ಕೆಳಗಿನ ಗುರುತಿನ ಹತ್ತಿರ ಬಂದ ಮಾತ್ರಕ್ಕೆ ಈ ಕೆಂಪು ದೀಪ ಸಾಮಾನ್ಯವಾಗಿ ಹತ್ತುವುದಿಲ್ಲ. ಅದು ನೋಡುವುದು ಪ್ರೆಶರ್, ಎಣ್ಣೆಯ ಮಟ್ಟ ಅಲ್ಲ. ಮಟ್ಟ ತೀರಾ ಇಳಿದು, ಬ್ರೇಕ್ ಹಾಕಿದಾಗ ಎಣ್ಣೆ ಮುಂದಕ್ಕೆ ಸರಿದು, ಪಂಪ್ ಗಾಳಿ ಎಳೆದಾಗ ಹತ್ತುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಅಲ್ವಾ?

ಕಡ್ಡಿಯಲ್ಲಿ ಎಣ್ಣೆ ಸರಿಯಾಗಿದ್ದಿದ್ದರೆ ಅನುಮಾನ ಬೇರೆ ಕಡೆ ಹೋಗುತ್ತಿತ್ತು: ಸ್ವಿಚ್ ಕೆಟ್ಟಿರಬಹುದು, ಪಂಪ್ ಸೋತಿರಬಹುದು, ಬೇರಿಂಗ್ ಸವೆದಿರಬಹುದು. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿದರೆ ಗೊತ್ತಾಗುತ್ತದೆ. "ಸುಮ್ನೆ ಸೆನ್ಸರ್ ಪ್ರಾಬ್ಲಂ" ಅಂತ ಗೇಜ್ ಹಾಕದೇ ಹೇಳುವವರ ಮಾತು ನಂಬಬೇಡಿ.

ಹತ್ತಿರದ ಬಂಕ್‌ನಲ್ಲಿ ಆಯಿಲ್ ತಂದು ಸುರಿದು ಮನೆಗೆ ಓಡಿಸಲಾ ಅಂದ. ಬೇಡ ಅಂದೆ. ಎಣ್ಣೆ ಎಲ್ಲಿ ಹೋಯಿತು ಅನ್ನುವುದು ಗೊತ್ತಿರಲಿಲ್ಲ, ಹೊಸದೂ ಅದೇ ದಾರಿ ಹಿಡಿಯಬಹುದಿತ್ತು. ಟೋಯಿಂಗ್ ಗಾಡಿ ಬಂತು.

ಗ್ಯಾರೇಜ್‌ನಲ್ಲಿ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದಾಗ ಅದರ ಒಳಗೆಲ್ಲ ಎಣ್ಣೆ. ಪಾರ್ಕಿಂಗ್ ನೆಲದ ಮೇಲೆ ಕಲೆ ಬೀಳದೇ ಇದ್ದುದಕ್ಕೆ ಕಾರಣ ಆ ಕವರ್. ಸ್ವಲ್ಪ ದಿನದ ಹಿಂದೆ ಬೇರೆ ಕಡೆ ಸರ್ವೀಸ್ ಆಗಿತ್ತು. ಹಳೇ ಆಯಿಲ್ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದ್ದರು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಬಿಗಿ ನಿಲ್ಲುವುದಿಲ್ಲ, ಜಿನುಗುತ್ತದೆ. ಸುಮಾರು ಮೂರೂವರೆ ಲೀಟರ್ ಇರಬೇಕಾದ ಎಂಜಿನ್ನಿನಲ್ಲಿ ಉಳಿದಿದ್ದು ಒಂದೂವರೆ ಲೀಟರ್.

ಹಳೇ ರಿಂಗ್ ತೆಗೆದು, ಹೊಸ ಫಿಲ್ಟರ್ ಮತ್ತು ಆಯಿಲ್ ಹಾಕಿ, ಗೇಜ್ ಕೂರಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿದರು. ಬಡಿಯುವ ಸದ್ದಿಲ್ಲ. ಐಡಲಿಂಗ್‌ನಲ್ಲಿ ಮುಳ್ಳು 1 ಬಾರ್‌ಗಿಂತ ಸ್ವಲ್ಪ ಮೇಲೆ ನಿಂತಿತು. ಬೇರಿಂಗ್ ಉಳಿದಿತ್ತು.