‘ಮತ್ತೊಮ್ಮೆ ಕಳಿಸಿ’ ಅಂದರೆ ಸಾಲದು

ಇಮೇಲ್, ಕಡತ, ಫಾಂಟ್ ಇವುಗಳ ತೊಂದರೆ ಸರಿಪಡಿಸುವುದು ನನ್ನ ಕೆಲಸ. ಅಕ್ಷರ ಕೆಟ್ಟು ಬಂದ ಪತ್ರಗಳನ್ನು ನೋಡಿ ನನಗೆ ಬೇಸರ ಆಗುವುದಿಲ್ಲ. ಅವುಗಳಿಗೆ ಜನ ಬರೆಯುವ ಉತ್ತರ ನೋಡಿದಾಗ ಆಗುತ್ತದೆ. ‘ಏನೂ ಅರ್ಥ ಆಗ್ತಿಲ್ಲ, ಮತ್ತೊಮ್ಮೆ ಕಳಿಸಿ.’ ಆ ಕಡೆಯವರು ಪಾಪ, ಮತ್ತೊಮ್ಮೆ ಕಳಿಸುತ್ತಾರೆ. ಅದೇ ಗೋಜಲು ಮತ್ತೆ ಬರುತ್ತದೆ. ಮೂರನೇ ಸಲಕ್ಕೆ ಇಬ್ಬರ ದನಿಯೂ ಗಡುಸಾಗಿರುತ್ತದೆ.

ಒಂದು ಮಾತು ಎಷ್ಟು ಸಲ ಹೇಳಿದರೂ ಸಾಲದು. ಕಳಿಸಿದವರ ಪರದೆಯ ಮೇಲೆ ಆ ಪತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅವರು ತೆರೆದು ನೋಡುತ್ತಾರೆ, ಎಲ್ಲ ಸರಿ ಇದೆ. ಹಾಗಾಗಿ ‘ಇದೇನು ಕಳಿಸಿದ್ದೀರಿ?’ ಅಂತ ನೀವು ಕೇಳಿದರೆ ಅವರಿಗೆ ತಮ್ಮ ಬರವಣಿಗೆಯನ್ನೇ ಆಡಿಕೊಂಡ ಹಾಗೆ ಅನಿಸುತ್ತದೆ. ನೀವು ನೋಡುತ್ತಿರುವುದನ್ನು ಅವರು ನೋಡಿಲ್ಲ. ಅವರು ನೋಡುತ್ತಿರುವುದನ್ನು ನೀವು ನೋಡಿಲ್ಲ. ನಿಮ್ಮ ಉತ್ತರ ಮೊದಲು ಮಾಡಬೇಕಾದ ಕೆಲಸ ಇದನ್ನು ತಿಳಿಸುವುದು.

ಉತ್ತರ ಬರೆಯುವ ಮುಂಚೆ ಗೋಜಲನ್ನು ಒಂದು ನಿಮಿಷ ನೋಡಿ. ಅದು ಯಾವ ಥರದ್ದು ಅನ್ನುವುದರ ಮೇಲೆ ಏನು ಕೇಳಬೇಕು ಅನ್ನುವುದು ನಿಂತಿದೆ.

ಉದ್ದಕ್ಕೂ `à²` ಅಥವಾ `à³` ಬಂದರೆ ಅದು ಯುನಿಕೋಡ್ ಕನ್ನಡ. ಯುನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. ಆ ಮೂರನ್ನೂ ನಿಮ್ಮ ತಂತ್ರಾಂಶ ಬೇರೆ ಬೇರೆ ಅಕ್ಷರ ಅಂತ ಓದಿದೆ. ಹಾಗಾಗಿ ‘ಕನ’ ಅನ್ನುವುದು `à²•à²¨` ಆಗಿ ಕಾಣುತ್ತದೆ. ಇಲ್ಲಿ ಪತ್ರ ಇನ್ನೂ ಉಳಿದಿದೆ, ಓದುವ ಕ್ರಮ ಮಾತ್ರ ತಪ್ಪಿದೆ. `PÀ£ÀßqÀ` ಥರ ಕಂಡರೆ ಅದು ನುಡಿಯಂಥ ಹಳೆಯ ಫಾಂಟ್‌ನಲ್ಲಿ ಬರೆದದ್ದು. ಆ ಫಾಂಟ್ ಇರುವ ಯಂತ್ರದಲ್ಲಿ ಅದೇ ‘ಕನ್ನಡ’ ಅಂತ ಕಾಣುತ್ತದೆ. ಬರೀ ಚೌಕಗಳು ಕಂಡರೆ ಬಹುಪಾಲು ನಿಮ್ಮ ಯಂತ್ರದಲ್ಲೇ ಕನ್ನಡ ಫಾಂಟ್ ಇಲ್ಲ. ಆಗ ಕಳಿಸಿದವರನ್ನು ಕೇಳುವ ಮೊದಲು ಬೇರೆ ಫೋನಿನಲ್ಲಿ ತೆರೆದು ನೋಡಿ.

ಸಾಲು ಸಾಲು `?????` ಬಂದಿದ್ದರೆ ಮಾತ್ರ ಕಷ್ಟ. ದಾರಿಯಲ್ಲಿ ಯಾವುದೋ ತಂತ್ರಾಂಶ ತನಗೆ ಗೊತ್ತಿಲ್ಲದ ಅಕ್ಷರಗಳನ್ನು ತೆಗೆದು ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟಿದೆ. ನಿಮ್ಮ ಕೈಗೆ ಬಂದ ಪ್ರತಿಯಲ್ಲಿ ಇನ್ನು ಏನೂ ಇಲ್ಲ, ಯಾವ ಪರಿವರ್ತಕವೂ ಅದನ್ನು ಮರಳಿ ತರುವುದಿಲ್ಲ. ಇಂಥ ಕಡೆ ಕಳಿಸಿದವರ ಬಳಿ ಇರುವ ಮೂಲವೇ ಗತಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಅಂಕೆಗಳು. 0ಯಿಂದ 9ರವರೆಗಿನ ಅಂಕೆಗಳಿಗೆ ಬಹುತೇಕ ಎಲ್ಲ ಪದ್ಧತಿಗಳಲ್ಲೂ ಒಂದೇ ಸಂಕೇತ. ಅದಕ್ಕೇ ಸುತ್ತಲಿನ ಮಾತೆಲ್ಲ ಕೆಟ್ಟರೂ ಅವು ಹಾಗೇ ಉಳಿಯುತ್ತವೆ. ನನ್ನ ಬಳಿ ಬಂದ ಒಬ್ಬರ ಕತೆ ಕೇಳಿ. ಅವರು ಒಂದು ಸಭೆ ಏರ್ಪಡಿಸಿದ್ದರು. 15ನೇ ತಾರೀಕು, ಬೆಳಿಗ್ಗೆ 10:30ಕ್ಕೆ. ಮುಖ್ಯ ಅತಿಥಿಯ ಉತ್ತರ ಬಂತು, ಪೂರ್ತಿ `à²` ಮಯ. ಅದರ ನಡುವೆ 15, 10:30 ಸ್ಪಷ್ಟವಾಗಿ ಕಂಡವು. ‘ಒಪ್ಪಿದ್ದಾರೆ’ ಅಂದುಕೊಂಡು ಇವರು ಸುಮ್ಮನಾದರು. ಅತಿಥಿ ಬರೆದದ್ದು ಇಷ್ಟು: ‘15ಕ್ಕೆ ಬರಲು ಆಗುವುದಿಲ್ಲ, 10:30ಕ್ಕೆ ಬೇರೊಂದು ಕಡೆ ಇರಬೇಕು.’ ತಾರೀಕು ಉಳಿಯಿತು, ‘ಇಲ್ಲ’ ಕಾಣದೆ ಹೋಯಿತು. ಉಳಿದ ಅಂಕೆಯನ್ನು ನೋಡಿ ಅರ್ಥ ಊಹಿಸಬೇಡಿ ಅಂತ ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದಕ್ಕೇ. ಅದೇ ಅಂಕೆಯನ್ನು ಪ್ರಶ್ನೆ ಕೇಳಲು ಬಳಸಿ.

ಸಭೆ ಏರ್ಪಡಿಸಿದವರು ಬರೆಯಬೇಕಿದ್ದ ಉತ್ತರ ಹೀಗಿರಬಹುದಿತ್ತು:

‘ನಮಸ್ಕಾರ ಸರ್. ನಿಮ್ಮ ಪತ್ರ ಬಂತು. ಆದರೆ ನನ್ನ ಪರದೆಯಲ್ಲಿ ಅಕ್ಷರಗಳು ಕಲಸಿಹೋಗಿ ಕಾಣುತ್ತಿವೆ, ಚಿತ್ರ ಲಗತ್ತಿಸಿದ್ದೇನೆ. ನಿಮ್ಮ ಕಡೆ ಸರಿಯಾಗಿಯೇ ಇರಬಹುದು. 15 ಮತ್ತು 10:30 ಮಾತ್ರ ಓದಲು ಆಯಿತು. 15ಕ್ಕೆ ನಿಮಗೆ ಬರಲು ಆಗುತ್ತದೆಯೇ, ಇಲ್ಲವೇ? ದಯವಿಟ್ಟು ತಿಳಿಸಿ. ನಿಮ್ಮ ಪತ್ರದ ಪಿಡಿಎಫ್ ಅಥವಾ ಪರದೆಯ ಫೋಟೋ ಕಳಿಸಿದರೂ ಸಾಕು.’

ಇದರಲ್ಲಿ ಯಾರ ತಪ್ಪು ಅನ್ನುವ ಮಾತೇ ಇಲ್ಲ. ಅಷ್ಟು ಬೇಗ ಗೊತ್ತಾಗುವ ವಿಷಯವೂ ಅದಲ್ಲ, ದೋಷ ನಿಮ್ಮ ಕಡೆಯೂ ಇರಬಹುದು. ಪ್ರಶ್ನೆ ಒಂದೇ ಇದೆ. ಅದಕ್ಕೆ ಒಂದು ಸಾಲಿನಲ್ಲಿ, ಫೋನಿನಲ್ಲಿ ಕೂಡ, ಉತ್ತರಿಸಬಹುದು. ಮತ್ತೆ ಕಳಿಸುವುದಾದರೆ ಬೇರೆ ರೂಪದಲ್ಲಿ ಕಳಿಸಿ ಅಂತಲೂ ಇದೆ. ಪಿಡಿಎಫ್ ಯಾಕೆ ಅಂದರೆ ಅದರೊಳಗೆ ಸಾಮಾನ್ಯವಾಗಿ ಫಾಂಟ್ ಕೂಡ ಸೇರಿಕೊಂಡು ಬರುತ್ತದೆ. ಫೋಟೋದಲ್ಲಂತೂ ಕೆಡಲು ಅಕ್ಷರವೇ ಇಲ್ಲ. ಹಳೆಯ ಫಾಂಟ್ ಅಂತ ಅನುಮಾನ ಬಂದರೆ ‘ಯಾವ ತಂತ್ರಾಂಶದಲ್ಲಿ ಬರೆದಿರಿ?’ ಅಂತ ಒಂದು ಮಾತು ಸೇರಿಸಬಹುದು. ಹಿರಿಯರಿಗೆ ಬರೆಯುವಾಗ ನಾನು ಅದನ್ನೂ ಬಿಡುತ್ತೇನೆ. ಅವರಿಗೆ ಅದು ಪರೀಕ್ಷೆಯ ಪ್ರಶ್ನೆ ಥರ ಕಾಣುತ್ತದೆ.

ಗೋಜಲನ್ನು ನಕಲು ಮಾಡಿ ಉತ್ತರದಲ್ಲಿ ಅಂಟಿಸಬೇಡಿ, ಪರದೆಯ ಚಿತ್ರವನ್ನೇ ಕಳಿಸಿ. ಅಂಟಿಸಿದ್ದು ಮತ್ತೊಂದು ಕಡೆ ಮತ್ತೊಮ್ಮೆ ತಪ್ಪಾಗಿ ಓದಿಸಿಕೊಂಡರೆ `•` ಒಂದೇ `â€¢` ಆಗಿ ಉಬ್ಬುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಈ `à²` ಗೋಜಲು ಸಾಮಾನ್ಯವಾಗಿ ಹುಟ್ಟುವುದು, ಯಾವ ಬೈಟ್‌ಗೆ ಯಾವ ಅಕ್ಷರ ಅಂತ ಹೇಳುವ ವಿಂಡೋಸ್-1252 ಅನ್ನುವ ಪಟ್ಟಿ ಹಿಡಿದು ಓದಿದಾಗ. ಆ ಪಟ್ಟಿಯಲ್ಲಿ 5 ಜಾಗ ಖಾಲಿ. ನಮ್ಮ ‘ು’ ಕಾರ ಮತ್ತು ‘್’ ಚಿಹ್ನೆಯ ಕೊನೆಯ ಬೈಟ್‌ಗಳು ಸರಿಯಾಗಿ ಆ ಖಾಲಿ ಜಾಗಕ್ಕೇ ಬೀಳುತ್ತವೆ. ಕೆಲವು ತಂತ್ರಾಂಶಗಳು ಅವನ್ನು ಕಣ್ಣಿಗೆ ಕಾಣದ ಗುರುತಾಗಿ ಉಳಿಸುತ್ತವೆ, ಕೆಲವು ಎಸೆದುಬಿಡುತ್ತವೆ. ಹಾಗೆ ಎಸೆದದ್ದನ್ನು ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರಗಳು ಮುರಿದು ಬರುತ್ತವೆ. ಆದ್ದರಿಂದ ಬಂದ ಮೂಲ ಇಮೇಲ್ ಅಥವಾ ಕಡತವನ್ನು ಅಳಿಸಬೇಡಿ, ತೆರೆದು ಮತ್ತೆ ‘ಸೇವ್’ ಕೂಡ ಮಾಡಬೇಡಿ. ಅದು ಮುಟ್ಟದೆ ಇದ್ದರೆ ನನ್ನಂಥವರಿಗೆ ಅದರಿಂದ ಪತ್ರವನ್ನು ಹೊರತೆಗೆಯಲು ಸಾಮಾನ್ಯವಾಗಿ ಆಗುತ್ತದೆ.

ಬೆರಳು ಜಾರಿ ಅಥವಾ ಕೀಲಿಮಣೆ ತಾನೇ ತಿದ್ದಿ ಕೆಟ್ಟ ಮಾತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಹೀಗೆ ಅಂದಿರಾ?’ ಅಂತ ನಿಮಗೆ ತೋಚಿದ್ದನ್ನು ಬರೆದು ಕೇಳಿದರೆ ಮುಗಿಯಿತು.

ಆದರೆ ಒಂದು ಥರದ ಗೋಜಲಿಗೆ ಈ ಮೃದುವಾದ ಉತ್ತರ ಸರಿಯಲ್ಲ. ಅಕ್ಷರಗಳೆಲ್ಲ ಸರಿಯಾಗಿವೆ, ಪದಗಳೂ ಪದಗಳೇ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಬರೆದವರು ಯಾವತ್ತೂ ಸರಿಯಾಗಿ ಬರೆಯುವವರು. ಇದು ಫಾಂಟ್ ಕೆಲಸ ಅಲ್ಲ. ನಾನು ವೈದ್ಯನಲ್ಲ, ಇದ್ದಕ್ಕಿದ್ದಂತೆ ಹೀಗಾದರೆ ಇಂಥದ್ದೇ ಕಾರಣ ಅಂತ ಹೇಳಲಾರೆ. ಆದರೆ ಪಾರ್ಶ್ವವಾಯು ಬಡಿದಾಗ ಮಾತು ತಪ್ಪುವ ಹಾಗೆ ಬರವಣಿಗೆಯೂ ತಪ್ಪಬಹುದು. ಆಗ ಸಂದೇಶ ಬರೆದು ಕಾಯಬೇಡಿ, ತಕ್ಷಣ ಫೋನ್ ಮಾಡಿ. ಮಾತು ತೊದಲಿದರೆ ಅಥವಾ ಅವರು ಫೋನ್ ಎತ್ತದಿದ್ದರೆ ಹತ್ತಿರ ಇರುವವರನ್ನು ಕೂಡಲೇ ಅವರ ಬಳಿ ಕಳಿಸಿ, ಆಂಬುಲೆನ್ಸ್‌ಗೂ ಹೇಳಿ.