ಗುರುವಿನ ಹೆಸರಿನ ಜೊತೆ ವರ್ಷವೂ ಇರಲಿ

ನನ್ನ ಶಿಷ್ಯೆಯೊಬ್ಬಳು ಮಂಡ್ಯದಲ್ಲಿ ಭರತನಾಟ್ಯ ತರಗತಿ ಶುರು ಮಾಡುತ್ತಿದ್ದಾಳೆ. ಕಳೆದ ವಾರ ಕರಪತ್ರಕ್ಕೆಂದು ತನ್ನ ಪರಿಚಯ ಬರೆದುಕೊಂಡು ಮೈಸೂರಿಗೆ ಬಂದಿದ್ದಳು. ಮೊದಲ ಸಾಲಲ್ಲೇ ‘ಕೆ. ವೆಂಕಟಲಕ್ಷಮ್ಮ ಅವರ ಮೈಸೂರು ಶೈಲಿಯ ಪರಂಪರೆ’ ಎಂದಿತ್ತು.

“ಇದೆಲ್ಲಿ ಕಲಿತೆ?” ಎಂದು ಕೇಳಿದೆ.

“ಹತ್ತು ದಿನದ ಕಾರ್ಯಾಗಾರದಲ್ಲಿ ಒಂದು ಜಾವಳಿ ಕಲಿತಿದ್ದೆ ಮಿಸ್.”

ನನ್ನ ಬಳಿ ಅವಳು 11 ವರ್ಷ ಕಲಿತದ್ದು ಪಂದನಲ್ಲೂರು ಶೈಲಿ. ಅದು ಮೂರನೇ ಸಾಲಿಗೆ ಹೋಗಿತ್ತು. ವೆಂಕಟಲಕ್ಷಮ್ಮನವರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆ. ಇಬ್ಬರೂ ಅಭಿನಯಕ್ಕೆ ಹೆಸರಾದವರು. ಹಾಡಿನ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವಾಗ ಪ್ರತಿ ಸಲವೂ ಹೊಸ ಭಾವ ತೋರಿಸುವ ಕಲೆ ಅದು. ಆ ಹೆಸರು ನೋಡಿ ಬರುವ ತಾಯಂದಿರು ಅದನ್ನೇ ನಿರೀಕ್ಷಿಸುತ್ತಾರೆ, ಅಲ್ವಾ? ಹತ್ತು ದಿನದಲ್ಲಿ ಕಲಿತದ್ದನ್ನು ಹತ್ತು ವರ್ಷ ಕಲಿಸೋಕೆ ಆಗುವುದಿಲ್ಲ. ಯಾರ ಬಳಿ, ಎಷ್ಟು ವರ್ಷ, ಯಾವ ಶೈಲಿ ಎಂದು ಮೊದಲು ಬರೆಸಿದೆ. ಕಾರ್ಯಾಗಾರವನ್ನು ಕಾರ್ಯಾಗಾರ ಎಂದೇ ಕೆಳಗೆ ಹಾಕಿಸಿದೆ.

ಆಮೇಲೆ ‘50ಕ್ಕೂ ಹೆಚ್ಚು ಪ್ರದರ್ಶನ’. ಕೂತು ಎಣಿಸಿದೆವು. 46 ಸಮೂಹ ನೃತ್ಯ, ಹೆಚ್ಚಿನವು ಗಣೇಶೋತ್ಸವದ ವೇದಿಕೆಯಲ್ಲಿ ಹತ್ತು ನಿಮಿಷದವು. ರಂಗಪ್ರವೇಶವೂ ಸೇರಿ ಏಕವ್ಯಕ್ತಿ ಪ್ರದರ್ಶನ 6. ಆ ಆರರಲ್ಲಿ ನಾಲ್ಕರಲ್ಲಿ ಪೂರ್ತಿ ವರ್ಣ ಮಾಡಿದ್ದಾಳೆ, ಹಿಮ್ಮೇಳದ ಜೊತೆ. ವರ್ಣ ಅಂದರೆ ಅರ್ಧ ಗಂಟೆಗೂ ಮೀರಿ ತಾಳಕ್ಕೆ ಹೆಜ್ಜೆ ಹಾಕುವ ಜತಿ ಮತ್ತು ಅಭಿನಯ ಎರಡನ್ನೂ ಒಬ್ಬಳೇ ನಡೆಸಬೇಕು. ರೆಕಾರ್ಡ್ ಹಾಡಿಗೆ ಬೇಕಾದಷ್ಟು ಸಲ ಅಭ್ಯಾಸ ಮಾಡಿ ಕುಣಿಯಬಹುದು. ಹಿಮ್ಮೇಳದವರು ಎದುರಿಗಿದ್ದಾಗ ಹಾಡುವವರು ಒಂದು ಸಾಲು ಜಾಸ್ತಿ ಹಾಡಿದರೂ ಅಲ್ಲೇ ತುಂಬಬೇಕು. ಹಾಗಾಗಿ ಆ ನಾಲ್ಕೇ ಮುಖ್ಯ.

ಅವಳು ಬರೆಯದೇ ಬಿಟ್ಟದ್ದು ಇನ್ನೊಂದಿತ್ತು. ನನ್ನ ಇಬ್ಬರು ಕಿರಿಯ ವಿದ್ಯಾರ್ಥಿನಿಯರ ಪ್ರದರ್ಶನಕ್ಕೆ ನಟ್ಟುವಾಂಗ ಮಾಡಿದ್ದು ಅವಳೇ. ತಾಳ ಹಿಡಿದು, ಜತಿ ಹೇಳಿ, ಕುಣಿಯುವ ಮಗುವನ್ನು ಕೊನೆವರೆಗೆ ಕೊಂಡೊಯ್ಯುವವರೇ ಟೀಚರ್ ತಾನೇ? ಅದನ್ನೇ ಬರೆಯಲಿಲ್ಲವೆಂದು ನನಗೆ ನಿಜಕ್ಕೂ ಬೇಸರವಾಯಿತು.

ಕೊನೆಯ ಸಾಲು ‘3 ವರ್ಷ ಮೇಲ್ಪಟ್ಟ ಎಲ್ಲರಿಗೂ’. ಇದನ್ನು ನಾನು ಒಪ್ಪಲೇ ಇಲ್ಲ. ನಾನು 7 ತುಂಬಿದ ಮೇಲೆ ಸೇರಿಸಿಕೊಳ್ಳುತ್ತೇನೆ. ಮಂಡಿ ಅರ್ಧ ಬಾಗಿಸಿ ನಿಲ್ಲುವ ಅರೆಮಂಡಿಯಲ್ಲಿ ತೊಡೆ ಸೊಂಟದಿಂದಲೇ ಹೊರಗೆ ತಿರುಗಬೇಕು. ತೀರಾ ಚಿಕ್ಕ ಮಕ್ಕಳು ಪಾದ ಮಾತ್ರ ತಿರುಗಿಸುತ್ತಾರೆ. ಮಂಡಿ ಒಳಗೆ, ಹೆಬ್ಬೆರಳಿನ ಕಡೆ ಬೀಳುತ್ತದೆ. ನಡು ಹಿಂದಕ್ಕೆ ಬಾಗುತ್ತದೆ. ಹಾಗೇ ಪಾದ ತಟ್ಟುವ ಮೊದಲ ಪಾಠ ತಟ್ಟಡವು ಮಾಡಿಸುತ್ತಾ ಹೋದರೆ ಅದೇ ರೂಢಿಯಾಗುತ್ತದೆ. ಆಮೇಲೆ ತಿದ್ದೋದು ತುಂಬಾ ಕಷ್ಟ. ಮೂವತ್ತು ದಾಟಿದ ಹೆಂಗಸರ ತೊಂದರೆ ಬೇರೆ. ಸಿಮೆಂಟ್ ನೆಲದ ಮೇಲೆ ತಟ್ಟಿದರೆ ಅವರಿಗೆ ಹಿಮ್ಮಡಿ, ಮಂಡಿ ಬೇಗ ನೋಯುತ್ತವೆ. ಅವರನ್ನು ಮಕ್ಕಳ ಜೊತೆ ನಿಲ್ಲಿಸಬಾರದು.

‘7ರಿಂದ 10, 11ರಿಂದ 16, ದೊಡ್ಡವರಿಗೆ ಬೇರೆ ತರಗತಿ’ ಎಂದು ಅವಳೇ ತಿದ್ದಿದಳು. ಬಾಡಿಗೆಗೆ ನೋಡಿದ್ದ ಹಾಲ್‌ನಲ್ಲಿ ಸಿಮೆಂಟ್ ನೆಲವಂತೆ. ಕರಪತ್ರ ಅಚ್ಚಿಗೆ ಕೊಡುವ ಮೊದಲು ಮರದ ಹಲಗೆ ಹಾಸಲು ಎಷ್ಟಾಗುತ್ತದೆಂದು ವಿಚಾರಿಸಲು ಹೋಗಿದ್ದಾಳೆ.